ಮಂಡಿ ಅಗ್ಗವಾಯ್ತು, ಬಿಲ್ ಯಾಕೆ ಆಗಲಿಲ್ಲ?

ಅಮ್ಮನ ಎಡ ಮಂಡಿ ಬದಲಾಯಿಸಬೇಕು ಅಂತ ಡಾಕ್ಟರು ಹೇಳಿದ್ದು 2017ರ ಜೂನ್‌ನಲ್ಲಿ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ ಕೊಟ್ಟ ಎಸ್ಟಿಮೇಟ್ 2,85,000 ರೂಪಾಯಿ. ಅದರಲ್ಲಿ ಇಂಪ್ಲಾಂಟ್‌ಗೇ 1,50,000. "ಮಳೆಗಾಲ ಕಳೀಲಿ ಬಿಡೋ" ಅಂದ್ರು ಅಮ್ಮ. ಮುಂದೂಡಿದೆವು.

ಆಗಸ್ಟ್ 16ಕ್ಕೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ ಆದೇಶ ಬಂತು. ಹೆಚ್ಚು ಜನಕ್ಕೆ ಹಾಕುವ ಕೋಬಾಲ್ಟ್-ಕ್ರೋಮಿಯಂ ಮಂಡಿಯ ಸರಾಸರಿ ಎಂಆರ್‌ಪಿ 1.58 ಲಕ್ಷ ಇತ್ತು. ಇನ್ನು ಮೇಲೆ 54,720 ರೂಪಾಯಿ ದಾಟುವಂತಿಲ್ಲ, ತೆರಿಗೆ ಮಾತ್ರ ಬೇರೆ. ನಾನು ಖುಷಿಯಿಂದ ಲೆಕ್ಕ ಹಾಕಿದೆ. ಇಂಪ್ಲಾಂಟ್ ತೆರಿಗೆ ಸೇರಿ 57 ಸಾವಿರದ ಆಸುಪಾಸು ಆಗುತ್ತೆ, ಅಂದ್ರೆ 93 ಸಾವಿರ ಉಳೀತು.

ಸೆಪ್ಟೆಂಬರ್‌ನಲ್ಲಿ ಅದೇ ಆಸ್ಪತ್ರೆ, ಅದೇ ಡಾಕ್ಟರು, ಅದೇ ಮಂಡಿ. ಹೊಸ ಎಸ್ಟಿಮೇಟ್ 2,55,000. ಇಳಿದದ್ದು ಬರೀ 30 ಸಾವಿರ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಇಂಪ್ಲಾಂಟ್ ಸಾಲು ಕಾನೂನಿನ ಪ್ರಕಾರವೇ ಇದೆ, ಒಂದು ರೂಪಾಯಿ ಜಾಸ್ತಿ ಇಲ್ಲ. ಆದರೆ ಉಳಿದ ಖರ್ಚೆಲ್ಲ ಸೇರಿ ಜೂನ್‌ನಲ್ಲಿ 1,35,000 ಇದ್ದದ್ದು ಈಗ 1,98,000. ಆಪರೇಷನ್ ಥಿಯೇಟರ್ ಚಾರ್ಜ್ ಏರಿದೆ, ಸರ್ಜನ್ ಫೀಸ್ ಏರಿದೆ, 'ಕನ್ಸ್ಯೂಮಬಲ್ಸ್' ಅನ್ನೋ ಹೊಸ ಸಾಲೊಂದು ಹುಟ್ಟಿದೆ. ಮೂರು ತಿಂಗಳಲ್ಲಿ ಥಿಯೇಟರಿಗೆ ಏನಾಯ್ತು ಅಂತ ಕೇಳಿದೆ. ಕೌಂಟರಿನ ಹುಡುಗಿ "ಪ್ಯಾಕೇಜ್ ರಿವೈಸ್ ಆಗಿದೆ ಸರ್" ಅಂದಳು. ಪಾಪ, ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಬೆಲೆ ಮಿತಿ ತಪ್ಪು ಅಂತ ನಾನು ಹೇಳ್ತಿಲ್ಲ. ಅದೇ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ ಮಿತಿ ಹಾಕುವಾಗ, ಆಸ್ಪತ್ರೆಗಳ ಲಾಭಾಂಶ ಶೇಕಡಾ 654ರವರೆಗೂ ಹೋಗಿದ್ದನ್ನು ಪ್ರಾಧಿಕಾರವೇ ಬಯಲು ಮಾಡಿತ್ತು. ಔಷಧ ಲೇಪಿತ ಸ್ಟೆಂಟಿನ ಸರಾಸರಿ ಎಂಆರ್‌ಪಿ 1.21 ಲಕ್ಷದಿಂದ 29,600ಕ್ಕೆ ಇಳಿಯಿತು. ಇಳಿಸಲೇಬೇಕಿತ್ತು. ನನ್ನ ತಕರಾರು ಬೇರೆ. ಹತ್ತು ಸಾಲಿನ ಬಿಲ್‌ನಲ್ಲಿ ಒಂದು ಸಾಲಿಗೆ ಬೀಗ ಹಾಕಿ ಒಂಬತ್ತನ್ನು ತೆರೆದಿಟ್ಟರೆ ದುಡ್ಡು ಆ ಒಂಬತ್ತರಲ್ಲಿ ಸೋರಿಹೋಗುತ್ತೆ. ಆಂಜಿಯೋಪ್ಲಾಸ್ಟಿಯಲ್ಲಿ ಸ್ಟೆಂಟ್ ಒಂದೇ ಒಳಗೆ ಹೋಗೋದಿಲ್ಲ. ದಾರಿ ಮಾಡುವ ಗೈಡ್ ವೈರ್, ಕ್ಯಾಥೆಟರ್, ರಕ್ತನಾಳ ಹಿಗ್ಗಿಸುವ ಬಲೂನ್ ಎಲ್ಲ ಬೇಕು. ಸ್ಟೆಂಟಿನ ಮಿತಿ ಇವುಗಳಿಗೆ ತಾಗಲಿಲ್ಲ.

ಆಸ್ಪತ್ರೆಯವರ ವಾದವನ್ನೂ ಕೇಳೋಣ. ನರ್ಸ್‌ಗಳ ಸಂಬಳ, ಥಿಯೇಟರಿನ ಖರ್ಚು ಇದುವರೆಗೆ ಇಂಪ್ಲಾಂಟಿನ ಲಾಭದಿಂದ ತುಂಬುತ್ತಿತ್ತು, ಅದು ನಿಂತ ಮೇಲೆ ನಿಜವಾದ ದರ ಹಾಕಬೇಕಾಯ್ತು ಅಂತಾರೆ. ಇರಬಹುದು. ಹಾಗಾದ್ರೆ ಇಷ್ಟು ವರ್ಷ ನೀವು ಕೊಟ್ಟ ಬಿಲ್ ಸುಳ್ಳಾಗಿತ್ತು ಅಂತ ಒಪ್ಪಿಕೊಂಡಂತಾಯ್ತು. ಮಂಡಿಯ ಹೆಸರಲ್ಲಿ ಥಿಯೇಟರಿನ ದುಡ್ಡು ತಗೊಂಡ್ರಿ. ಇವತ್ತಿನ ಥಿಯೇಟರ್ ಸಾಲಲ್ಲಿ ಇನ್ನೇನು ಅಡಗಿದೆ ಅಂತ ನಾವು ಹೇಗೆ ತಿಳಿಯೋದು?

"ನನಗೆ ಕಂಪನಿ ಇನ್ಶೂರೆನ್ಸ್ ಇದೆ, ಕ್ಯಾಶ್‌ಲೆಸ್" ಅಂತ ನೀವು ಸುಮ್ಮನಿರಬಹುದು. ಅಪ್ಪ ಅಮ್ಮನ ಹೆಸರಿಗೆ ಕೋ-ಪೇ ಇದೆಯಾ ನೋಡಿ. ಶೇಕಡಾ 20 ಇದ್ದರೆ, ನಮ್ಮ ಕೇಸಿನಲ್ಲಿ ಹೆಚ್ಚಾದ 63 ಸಾವಿರದಲ್ಲಿ 12,600 ನಿಮ್ಮ ಜೇಬಿನದೇ. ಇನ್ನೊಂದು ಮಂಡಿಗೆ ಬೇಕಾದ ವಿಮೆಯೂ ಅಷ್ಟಕ್ಕಷ್ಟು ಸವೆಯುತ್ತೆ.

ಹಾಗಾಗಿ ಎಸ್ಟಿಮೇಟ್ ತಗೊಳ್ಳುವಾಗ 'ಪ್ಯಾಕೇಜ್' ಅನ್ನೋ ಒಂದೇ ಮೊತ್ತಕ್ಕೆ ತಲೆಯಾಡಿಸಬೇಡಿ. ಸಾಲು ಸಾಲಾಗಿ ಬಿಡಿಸಿ ಕೊಡಿ ಅನ್ನಿ. ಸ್ಟೆಂಟಿನ ಬೆಲೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ, ಬ್ರಾಂಡ್, ತಯಾರಕರ ಹೆಸರು, ಬ್ಯಾಚ್ ನಂಬರ್ ಸಮೇತ ಬರೆಯಬೇಕು ಅಂತ ಆದೇಶದಲ್ಲೇ ಇದೆ. ಮಂಡಿಗೂ ಹಾಗೇ ಕೇಳಿ. "ಇಂಪೋರ್ಟೆಡ್ ಸರ್, ಅದಕ್ಕೇ ಜಾಸ್ತಿ" ಅಂದ್ರೆ ನಂಬಬೇಡಿ, ಮಿತಿಗೆ ಸ್ವದೇಶಿ ವಿದೇಶಿ ಭೇದವಿಲ್ಲ. ವಿಶೇಷ ಲೋಹದ ಮಂಡಿ ಅಂದ್ರೆ ಯಾವ ಲೋಹ, ಯಾಕೆ ಬೇಕು ಅಂತ ಡಾಕ್ಟರನ್ನೇ ಕೇಳಿ. ಟೈಟಾನಿಯಂ, ಆಕ್ಸಿಡೈಸ್ಡ್ ಜಿರ್ಕೋನಿಯಂ ಮಂಡಿಗಳಿಗೆ ಅಂದು ಇಟ್ಟ ಮಿತಿಯೇ ಬೇರೆ, 76,600. ಈ ಅಂಕಿಗಳು ಪರಿಷ್ಕರಣೆಯಾಗುತ್ತಿರುತ್ತವೆ, ಆಸ್ಪತ್ರೆಗೆ ಹೋಗೋ ಮೊದಲು ಚಾಲ್ತಿ ದರ ನೋಡಿಕೊಂಡು ಹೋಗಿ.

ಆದರೆ ಗಿರಾಕಿಯ ಜಾಣತನದಿಂದಷ್ಟೇ ಇದು ಸರಿಹೋಗಲ್ಲ. ಹಾಸಿಗೆ ಮೇಲೆ ಮಲಗಿದವರು ಚೌಕಾಸಿ ಮಾಡೋಕಾಗುತ್ತಾ? ಮಿತಿ ಹಾಕಿದ ಸರ್ಕಾರವೇ ಅದರ ಹಿಂದಿನ ಮತ್ತು ಮುಂದಿನ ಒಟ್ಟು ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು, ಆಸ್ಪತ್ರೆವಾರು ಪ್ರಕಟಿಸಬೇಕು. ನಾನು ಊಟದ ಮೇಜಿನ ಮೇಲೆ ಎರಡು ಹಾಳೆ ಇಟ್ಟು ಮಾಡಿದ ಕೆಲಸ ಅಷ್ಟೇ.

ಅಮ್ಮನಿಗೆ ಆಪರೇಷನ್ ಆಯ್ತು, ಈಗ ಮೆಟ್ಟಿಲು ಹತ್ತುತ್ತಾರೆ. "ಕಡಿಮೆ ಆಯ್ತಲ್ವೇನೋ?" ಅಂತ ಕೇಳಿದ್ರು. ಮಂಡಿದು ಕಡಿಮೆ ಆಯ್ತಮ್ಮ ಅಂದೆ.