ಕಡೂರಿನೊಳಗೆ ಚಿಕ್ಕಮಗಳೂರು

ಕಡೂರು ಇಂದು ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲ್ಲೂಕು. ಆದರೆ 1901ರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೇ ಸಂಪುಟವನ್ನು ತೆರೆದರೆ ಚಿಕ್ಕಮಗಳೂರು, ತರೀಕೆರೆಗಳ ಶಾಸನಗಳೆಲ್ಲ ಕಡೂರು ಜಿಲ್ಲೆಯವೆಂದೇ ಸಿಗುತ್ತವೆ. 1947ರವರೆಗೆ ಇಡೀ ಜಿಲ್ಲೆಗೆ ಇದ್ದದ್ದು ಆ ಹೆಸರೇ. ಎರಡೂ ಕಾಲದ ಬರಹಗಳನ್ನು ಓದಿದ ನ್ಯೂರಲ್ ನೆಟ್‌ವರ್ಕ್ ಕಡೂರು ಚಿಕ್ಕಮಗಳೂರಿನಲ್ಲಿದೆ ಎಂದೂ ಹೇಳಬಹುದು, ಚಿಕ್ಕಮಗಳೂರು ಕಡೂರಿನಲ್ಲಿದೆ ಎಂದೂ ಹೇಳಬಹುದು. ಮೂರನೇ ತರಗತಿಯ ಮಗುವೂ ಇವೆರಡನ್ನು ಒಟ್ಟಿಗೆ ಒಪ್ಪುವುದಿಲ್ಲ.

ಇಂಥ ತಪ್ಪುಗಳಿಗೆ ತರ್ಕವೇ ಮದ್ದು ಎನ್ನುವವರಿದ್ದಾರೆ. ನೆಟ್‌ವರ್ಕ್ ಓದಿದ್ದನ್ನು ‘ಇದು ಅದರೊಳಗೆ’ ಎಂಬ ಕೊಂಡಿಗಳಾಗಿ ನಾಲೆಡ್ಜ್ ಗ್ರಾಫ್‌ನಲ್ಲಿ ಬರೆದಿಡುವುದು, ಯಾವುದೂ ತನ್ನೊಳಗೆ ತಾನೇ ಇರಲಾರದು ಎಂಬ ನಿಯಮದಿಂದ ಅವನ್ನು ಜರಡಿ ಹಿಡಿಯುವುದು ಅವರ ದಾರಿ. ಮೇಲಿನ ಎರಡು ಕೊಂಡಿಗಳು ಸೇರಿದೊಡನೆ ಸುತ್ತು ಬೀಳುತ್ತದೆ, ನಿಯಮ ಮುರಿದದ್ದು ಗೊತ್ತಾಗುತ್ತದೆ. ಆದರೆ ಅಷ್ಟಕ್ಕೇ ನಿಂತರೆ ಎರಡು ನಿಜಗಳಲ್ಲಿ ಒಂದನ್ನು ಅಳಿಸಿಬಿಡುತ್ತೇವೆ. ನಿಯಮ ತೋರಿಸಿದ್ದು ಸುಳ್ಳನ್ನಲ್ಲ; ಒಂದೇ ಹೆಸರಿನ ಎರಡು ವಸ್ತುಗಳನ್ನು ಒಂದೆಂದು ಹಿಡಿದದ್ದನ್ನು. ಹಾಗಾಗಿ ಕಡೂರು ಪಟ್ಟಣ, ಕಡೂರು ತಾಲ್ಲೂಕು, ಹಳೆಯ ಕಡೂರು ಜಿಲ್ಲೆ ಗ್ರಾಫ್‌ನಲ್ಲಿ ಮೂರು ಬೇರೆ ಬಿಂದುಗಳಾಗಬೇಕು.

ಹಾಗಾದ ಮೇಲೆಯೇ ನೆಟ್‌ವರ್ಕ್ ಮತ್ತು ತರ್ಕ ಒಂದಕ್ಕೊಂದು ನೆರವಾಗುವುದು. ‘ಚಿಕ್ಕಮಗಳೂರು ತಾಲ್ಲೂಕು, ಕಡೂರು’ ಎಂಬ ಹಳೆಯ ಸಾಲನ್ನು ಓದಿದ ನೆಟ್‌ವರ್ಕ್, ಕಡೂರು ಎಂದರೆ ತಾಲ್ಲೂಕು ಎಂಬುದಕ್ಕೆ 0.7, ಜಿಲ್ಲೆ ಎಂಬುದಕ್ಕೆ 0.3 ಸಂಭವ ಕೊಟ್ಟಿತು ಎಂದಿಟ್ಟುಕೊಳ್ಳಿ. ಈಗಿನ ಬರಹಗಳೇ ಹೆಚ್ಚಿರುವುದರಿಂದ ಅದರ ಒಲವು ತಾಲ್ಲೂಕಿನ ಕಡೆಗೆ. ತಾಲ್ಲೂಕಿನೊಳಗೆ ಇನ್ನೊಂದು ತಾಲ್ಲೂಕು ಇರಲಾರದು ಎನ್ನುವ ನಿಯಮ ಮೊದಲ ಅರ್ಥವನ್ನು ತಳ್ಳಿಹಾಕುತ್ತದೆ, ಉಳಿದ 0.3 ಪೂರ್ತಿ 1 ಆಗುತ್ತದೆ. ಸಂಭವದ ಅಂಕಿಗಳನ್ನು ಹೀಗೆ ತರ್ಕದ ನಿಯಮಗಳ ಕೈಗೆ ಕೊಡುವ ಡೀಪ್‌ಪ್ರಾಬ್‌ಲಾಗ್‌ನಂಥ ವ್ಯವಸ್ಥೆಗಳು 2018ರಿಂದಲೇ ಇವೆ.

ಅಜ್ಜಂಪುರದ ತಪ್ಪು ಇದಕ್ಕಿಂತ ಕಷ್ಟದ್ದು. ಕೆಲವೇ ವರ್ಷಗಳ ಹಿಂದಿನವರೆಗೆ ಅದು ತರೀಕೆರೆ ತಾಲ್ಲೂಕಿನ ಹೋಬಳಿ, ಈಗ ಅದೇ ಒಂದು ತಾಲ್ಲೂಕು. ‘ಅಜ್ಜಂಪುರ ಪಟ್ಟಣ ತರೀಕೆರೆ ತಾಲ್ಲೂಕಿನಲ್ಲಿದೆ’ ಎಂಬ ಮಾತು ಯಾವ ನಿಯಮವನ್ನೂ ಮುರಿಯದು, ಹಳಸಿದೆ, ಅಷ್ಟೆ. ತರ್ಕಕ್ಕೆ ವಿರೋಧ ಕಾಣುತ್ತದೆಯೇ ಹೊರತು ಹಳಸಿದ್ದು ಕಾಣುವುದಿಲ್ಲ. ಗ್ರಾಫ್‌ನಲ್ಲಿ ಹಳೆಯ ಕೊಂಡಿಯೊಂದೇ ಇದ್ದರೆ ನಿಯಮಗಳೆಲ್ಲ ಸೇರಿ ಆ ತಪ್ಪಿಗೇ ಮೊಹರು ಒತ್ತುತ್ತವೆ, ಓದುವವನಿಗೆ ಅದು ಪರೀಕ್ಷಿಸಿದ ಉತ್ತರದಂತೆ ಕಾಣುತ್ತದೆ. ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ಇದೇ.

ಇದಕ್ಕೆ ಪ್ರತಿ ಕೊಂಡಿಗೂ ಆರಂಭ, ಅಂತ್ಯದ ದಿನಾಂಕ ಬೇಕು. ವಿಕಿಡೇಟಾದಲ್ಲಿ ಆಡಳಿತ ವ್ಯಾಪ್ತಿಯನ್ನು ಹೇಳುವ P131 ಗುಣಕ್ಕೆ P580, P582 ಎಂದು ಎರಡೂ ದಿನಾಂಕಗಳನ್ನು ಸೇರಿಸಬಹುದು. ಆಗ ‘ಒಂದು ಕಾಲಕ್ಕೆ ಒಂದೇ ತಾಲ್ಲೂಕು’ ಎಂಬ ನಿಯಮ ಕೆಲಸಕ್ಕೆ ಬರುತ್ತದೆ. ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ತಾಲ್ಲೂಕು ಬದಲಾದ ಒಂದೇ ಹಳ್ಳಿಯ ಬಗ್ಗೆ ಬೇರೆ ಬೇರೆ ಇಸವಿ ಕೊಟ್ಟು ಕೇಳಬೇಕು. ಉತ್ತರ ಬದಲಾಗದಿದ್ದರೆ ಅದಕ್ಕೆ ಕಾಲವೇ ತಿಳಿದಿಲ್ಲ ಎಂದರ್ಥ.

ನಿಯಮ ಬರೆಯಲು ಒಂದು ಸಾಲು ಸಾಕು. ಯಾವ ಹಳ್ಳಿ ಯಾವ ದಿನ ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಯಿತು ಎಂಬುದನ್ನು ಮಾತ್ರ ಸರ್ಕಾರಿ ಆದೇಶ ನೋಡಿ, ಪಹಣಿಯೊಡನೆ ತಾಳೆ ಹಾಕಿ, ಒಂದೊಂದಾಗಿ ಬರೆಯಬೇಕು. ಹಣ, ಜನ ಎರಡನ್ನೂ ಮೊದಲು ಈ ಕೆಲಸಕ್ಕೆ ಹಾಕಬೇಕೆಂಬುದು ನನ್ನ ವಾದ.