ಸಗಟು ರಿಯಾಯಿತಿ: ಎಲ್ಲ ಟಿನ್‌ಗೋ, ಮೇಲಿನ ಟಿನ್‌ಗೋ?

‘40 ಟಿನ್ ತೆಗೆದುಕೊಂಡರೆ ಟಿನ್ನಿಗೆ 50 ರೂಪಾಯಿ ಕಡಿಮೆ’ ಎಂದು ವಾಶಿಯ ಎಣ್ಣೆ ವ್ಯಾಪಾರಿ ಹೇಳಿದರೆ ಧಾರಾವಿಯ ನಾವು ಹೋಟೆಲಿನವರು ಕೂಡಲೇ ಹೂಂ ಅನ್ನುತ್ತೇವೆ. ಆದರೆ ಆ ಮಾತಿಗೆ ಎರಡು ಅರ್ಥಗಳಿವೆ. ಯಾವುದೆಂದು ಕೇಳದೆ ಆರ್ಡರ್ ಕೊಡಬಾರದು ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕಕ್ಕಾಗಿ 15 ಕಿಲೋ ಟಿನ್ನಿನ ದರ 2,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲ ರೀತಿಯಲ್ಲಿ, 40 ಮುಟ್ಟಿದೊಡನೆ ಎಲ್ಲ ಟಿನ್‌ಗಳಿಗೂ 1,950ರ ದರ. ಆಗ 39 ಟಿನ್ನಿಗೂ 78,000, 40 ಟಿನ್ನಿಗೂ 78,000. ಕೊನೆಯ ಟಿನ್ ಪುಕ್ಕಟೆ. ಎರಡನೆಯ ರೀತಿಯಲ್ಲಿ, 40ರವರೆಗೆ ಹಳೆಯ ದರವೇ, 41ನೆಯದರಿಂದ ಮಾತ್ರ 1,950. ಇಲ್ಲಿ 40 ಟಿನ್ ಕೊಂಡರೂ ಒಂದು ಪೈಸೆ ಉಳಿಯದು; 50 ಕೊಂಡರೆ ಸರಾಸರಿ ದರ 1,990 ಅಷ್ಟೇ.

ತಿಂಗಳಿಗೆ 20 ಟಿನ್ ಬೇಕಾಗುವ ಹೋಟೆಲನ್ನು ನೋಡಿ. ಪ್ರತಿ ಆರ್ಡರಿಗೆ ಟೆಂಪೋ, ಹಮಾಲಿ ಸೇರಿ 400 ರೂಪಾಯಿ. ಒಂದು ಟಿನ್ ಒಂದು ತಿಂಗಳು ಕೂತರೆ ಬಡ್ಡಿ ಮತ್ತು ಜಾಗಕ್ಕೆ 40 ರೂಪಾಯಿ. ತಿಂಗಳಿಗೊಮ್ಮೆ 20 ತಂದರೆ ಸರಾಸರಿ 10 ಟಿನ್ ದಾಸ್ತಾನು, ಒಟ್ಟು ಖರ್ಚು 40,800. ಮೊದಲ ರೀತಿಯ ರಿಯಾಯಿತಿಯಲ್ಲಿ ಎರಡು ತಿಂಗಳಿಗೊಮ್ಮೆ 40 ತಂದರೆ ತಿಂಗಳ ಖರ್ಚು 40,000ಕ್ಕೆ ಇಳಿಯುತ್ತದೆ. ಆರ್ಡರ್ ದುಪ್ಪಟ್ಟು ಮಾಡಿದ್ದು ಸಾರ್ಥಕ. ಎರಡನೆಯದರಲ್ಲಿ 40 ತಂದರೆ 41,000, 50 ತಂದರೆ 40,960, 80 ತಂದರೆ 41,200. ಎಷ್ಟು ಹೆಚ್ಚಿಸಿದರೂ ಹಳೆಯ 20 ಟಿನ್ನಿನ ಆರ್ಡರೇ ಅಗ್ಗ!

ಪತ್ತೆ ಮಾಡುವುದು ಸುಲಭ. ‘41 ಟಿನ್ನಿಗೆ ಒಟ್ಟು ಬಿಲ್ಲೆಷ್ಟು?’ ಎಂದು ಕೇಳಿ. 79,950 ಅಂದರೆ ಎಲ್ಲಕ್ಕೂ ರಿಯಾಯಿತಿ. 81,950 ಅಂದರೆ ಮೇಲಿನದಕ್ಕೆ ಮಾತ್ರ.

ಮೊದಲ ರೀತಿಗೂ ಮಿತಿಯಿದೆ. ಮಳೆಗಾಲದಲ್ಲಿ ನೀರು ನುಗ್ಗುವ ಗಲ್ಲಿಯಲ್ಲಿ 40 ಟಿನ್ನನ್ನು ನೆಲದಿಂದೆತ್ತಿ ಇಡಲು ಜಾಗ ಬೇಕು. ದರ ಇಳಿಯುವ ಭಯವೂ ಉಂಟು: 2025ರ ಮೇ 30ರಂದು ಕೇಂದ್ರ ಸರಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿತು. ಅಂಥ ದಿನ ತುಂಬಿದ ಗೋದಾಮು ಹೊರೆಯೇ.

ಹಾಗಾಗಿ ನಮ್ಮ ಸಲಹೆ ಇದು. ಎಲ್ಲ ಟಿನ್ನಿಗೂ ರಿಯಾಯಿತಿ ಇದ್ದರೆ ನೈಂಟಿ ಫೀಟ್ ರೋಡಿನ ಎರಡು ಹೋಟೆಲುಗಳು ಸೇರಿ ಒಂದೇ ಬಿಲ್ಲಿನಲ್ಲಿ 40 ತರಿಸಿ, ತಲಾ 20 ಹಂಚಿಕೊಳ್ಳಲಿ. ಟೆಂಪೋಗೆ ತಲಾ 400 ಕೊಟ್ಟರೂ ಪ್ರತಿಯೊಬ್ಬರ ತಿಂಗಳ ಖರ್ಚು 39,800; ದಾಸ್ತಾನು ಹೆಚ್ಚಿಲ್ಲ, ಜಾಗದ ಚಿಂತೆಯಿಲ್ಲ. ಮೇಲಿನ ಟಿನ್ನಿಗೆ ಮಾತ್ರ ರಿಯಾಯಿತಿ ಎಂದರೆ ಇಬ್ಬರು ಸೇರಿ 40 ತರಿಸಿದರೂ ದರದಲ್ಲಿ ಲಾಭವಿಲ್ಲ. ಆಗ ವ್ಯಾಪಾರಿಗೆ ನಮಸ್ಕಾರ ಹೇಳಿ ಎಂದಿನಷ್ಟೇ ತರಿಸುವುದು ಲೇಸು.