ಮೇಯರರ ಕೊರಳಲ್ಲಿ ಪದಕ, ಕಮಿಷನರರ ಕೈಯಲ್ಲಿ ಲೇಖನಿ

ಕಾರ್ಪೊರೇಷನ್ ಇರುವ ಊರಿನಲ್ಲಿ ಚರಂಡಿ ಕಟ್ಟಿಕೊಂಡರೆ ಜನ ಹೋಗುವುದು ತಾವು ಓಟು ಕೊಟ್ಟ ಸದಸ್ಯನ ಮನೆಗೆ. ಸದಸ್ಯ ಇಂಜಿನಿಯರರಿಗೆ ಹೇಳುತ್ತಾನೆ. ಇಂಜಿನಿಯರರು ‘ಆಗಲಿ, ನೋಡೋಣ’ ಎನ್ನುತ್ತಾರೆ. ಅವರು ನೋಡದೆ ಹೋದರೆ ಸದಸ್ಯ ಸಭೆಯಲ್ಲಿ ಕೂಗಾಡಬಹುದು. ಮೇಯರರು ಮೇಜು ಕುಟ್ಟಬಹುದು. ಅದಕ್ಕಿಂತ ಹೆಚ್ಚಿನದನ್ನು ಇಬ್ಬರೂ ಮಾಡಲಾರರು. ಇಂಜಿನಿಯರರಿಗೆ ಆಜ್ಞೆ ಮಾಡುವವರು ಕಮಿಷನರು. ಕಮಿಷನರಿಗೆ ಆಜ್ಞೆ ಮಾಡುವುದು ರಾಜಧಾನಿಯಲ್ಲಿರುವ ಸರಕಾರ. ಹೀಗೆ, ಜನರಿಗೆ ಉತ್ತರ ಹೇಳಬೇಕಾದವನ ಕೈಯಲ್ಲಿ ಅಧಿಕಾರವಿಲ್ಲ; ಅಧಿಕಾರವಿರುವವರು ಜನರಿಗೆ ಉತ್ತರ ಹೇಳಬೇಕಾಗಿಲ್ಲ.

ಈ ಜಗಳ ಎದ್ದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ಕಮಿಷನರು ದರ್ಪಿಷ್ಠರೆಂದು ಸದಸ್ಯರು ದೂರುತ್ತಾರೆ. ಸದಸ್ಯರೆಲ್ಲ ಕಳ್ಳರು, ಕಮಿಷನರೊಬ್ಬರೇ ಪ್ರಾಮಾಣಿಕರೆಂದು ಪೇಟೆಯ ಜನ ಆಡಿಕೊಳ್ಳುತ್ತಾರೆ. ಎರಡೂ ಮಾತು ಕೆಲವೊಮ್ಮೆ ನಿಜವೇ. ಆದರೆ ಎರಡೂ ವ್ಯಕ್ತಿಗಳನ್ನು ಕುರಿತ ಮಾತು. ನಾವು ನೋಡಬೇಕಾದ್ದು ಇಬ್ಬರನ್ನೂ ಹೀಗೆ ಎದುರುಬದುರು ನಿಲ್ಲಿಸಿರುವ ಕಾನೂನನ್ನು.

ಈ ಕಾನೂನಿನ ತವರು ಮುಂಬಯಿ. 1865ರಲ್ಲಿ ಅಲ್ಲಿ ಕಾರ್ಯಾಂಗದ ಅಧಿಕಾರವನ್ನೆಲ್ಲ ಒಬ್ಬ ಕಮಿಷನರರಿಗೆ ಕೊಟ್ಟರು. ಮೊದಲ ಕಮಿಷನರು ಆರ್ಥರ್ ಕ್ರಾಫರ್ಡ್. ಮಾರುಕಟ್ಟೆ ಕಟ್ಟಿಸಿದರು, ಊರನ್ನು ಶುಚಿ ಮಾಡಿಸಿದರು. ಜೊತೆಗೆ ಕೈಬಿಚ್ಚಿ ಖರ್ಚು ಮಾಡಿ ಬೊಕ್ಕಸವನ್ನು ಬರಿದು ಮಾಡಿದರು. ತೆರಿಗೆದಾರರು ರೊಚ್ಚಿಗೆದ್ದು, ಒಬ್ಬನ ಕೈಯಲ್ಲಿ ಇಷ್ಟು ಅಧಿಕಾರ ಬೇಡವೆಂದರು. ಆಗ 1871ರಲ್ಲಿ ಎದ್ದು ನಿಂತು ಬೇರೆ ಮಾತು ಹೇಳಿದವರು ಯುವಕ ಫಿರೋಜಷಾ ಮೆಹತಾ. ತಪ್ಪು ಅಧಿಕಾರ ಒಬ್ಬರಲ್ಲಿ ಇದ್ದುದರದಲ್ಲ, ಆ ಒಬ್ಬರನ್ನು ಹಿಡಿದು ಕೇಳುವ ಚುನಾಯಿತ ಸಭೆ ಇಲ್ಲದ್ದರದು ಎಂಬುದು ಅವರ ವಾದ. ಕೆಲಸ ಮಾಡುವ ಕೈ ಒಂದಿರಲಿ, ಹಣದ ಚೀಲ ಸಭೆಯ ಕೈಯಲ್ಲಿರಲಿ ಎಂದರು. 1872ರ ಕಾಯ್ದೆಯಿಂದ 64 ಸದಸ್ಯರ ಕಾರ್ಪೊರೇಷನ್ ಬಂತು. ಅದರಲ್ಲಿ 32 ಮಂದಿಯನ್ನು ತೆರಿಗೆದಾರರು ಆರಿಸಿದರು. 1888ರ ಕಾಯ್ದೆ ಈ ಕಟ್ಟಡವನ್ನು ಗಟ್ಟಿಮಾಡಿತು. ಸರಕಾರ ನೇಮಿಸಿದ ಕಮಿಷನರಲ್ಲಿ ಕಾರ್ಯಾಂಗದ ಅಧಿಕಾರ ನೆಲೆಸಿತು.

ಅದೇ ಅಚ್ಚಿನಲ್ಲಿ 1949ರ ಮುಂಬಯಿ ಪ್ರಾಂತದ ಕಾರ್ಪೊರೇಷನ್ ಕಾಯ್ದೆ ಬಂತು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದು ಕಾರ್ಪೊರೇಷನ್ ಆದದ್ದು ಈ ಕಾಯ್ದೆಯ ಕೆಳಗೆ. ಮುಂದೆ 1976ರಲ್ಲಿ ನಮ್ಮ ರಾಜ್ಯ ಇಡೀ ಕರ್ನಾಟಕಕ್ಕೆ ಒಂದೇ ಕಾರ್ಪೊರೇಷನ್ ಕಾಯ್ದೆ ಮಾಡಿತು. ಹೆಸರು ಹೊಸದು, ಅಚ್ಚು ಹಳೆಯದು. ಸರಕಾರ ಕಳುಹಿಸಿದ ಕಮಿಷನರು ಆಡಳಿತ ನಡೆಸುವುದು, ಮೇಯರರು ಸಭೆ ನಡೆಸುವುದು.

ಫಿರೋಜಷಾರ ಲೆಕ್ಕ ಎಲ್ಲಿ ತಪ್ಪಿತು? ಹಣದ ಚೀಲ ಹಿಡಿದ ಸಭೆಗೆ ‘ಬೇಡ’ ಎನ್ನುವ ಶಕ್ತಿ ಬಂತು. ‘ಮಾಡು’ ಎನ್ನುವ ಶಕ್ತಿ ಬರಲಿಲ್ಲ. ಮುಂಗಡಪತ್ರದ ಅಂದಾಜನ್ನು ಸಿದ್ಧಮಾಡುವವರು ಕಮಿಷನರು. ಸಭೆ ಅದನ್ನು ತಿದ್ದಿ ಒಪ್ಪಿದ ಮೇಲೆ ಟೆಂಡರು ಕರೆಯುವುದು, ಕರಾರಿಗೆ ಸಹಿ ಹಾಕುವುದು, ನೋಟೀಸು ಕೊಡುವುದು, ಬಿಲ್ಲು ಪಾವತಿ ಮಾಡಿಸುವುದು ಎಲ್ಲ ಅವರ ಕಚೇರಿಯ ಕೆಲಸ. ನಿಗದಿಯಾದ ಮೊತ್ತವನ್ನು ಮೀರಿದ ಗುತ್ತಿಗೆಗೆ ಮಾತ್ರ ಸ್ಥಾಯೀ ಸಮಿತಿಯ ಮಂಜೂರಾತಿ ಬೇಕು. ತನ್ನ ವಾರ್ಡಿನ ರಸ್ತೆಯನ್ನು ಮಾಡಿಸಲಾರದ ಸದಸ್ಯನಿಗೆ ಇನ್ನೊಬ್ಬರ ಗುತ್ತಿಗೆಯನ್ನು ತಡೆಯುವ ಶಕ್ತಿಯಿದೆ. ತಡೆಯುವ ಶಕ್ತಿಯೊಂದೇ ಇರುವವನು ಅದನ್ನೇ ಸರಕು ಮಾಡಿಕೊಳ್ಳುತ್ತಾನೆ. ಫೈಲು ಸಮಿತಿಯ ಮುಂದೆ ತಿಂಗಳುಗಟ್ಟಲೆ ಮಲಗುತ್ತದೆ; ಯಾರೋ ಯಾರನ್ನೋ ಕಂಡ ಮೇಲೆ ಏಳುತ್ತದೆ. ಸದಸ್ಯರ ಭ್ರಷ್ಟಾಚಾರವೆಂದು ಜನ ಬೈಯುವುದರಲ್ಲಿ ಒಂದು ಪಾಲು ಹುಟ್ಟುವುದು ಇಲ್ಲಿ. ಹೊಣೆಯಿಲ್ಲದ ಅಧಿಕಾರದ ತುಣುಕೊಂದು ಯಾರ ಕೈಗೆ ಸಿಕ್ಕಿದರೂ ಅದು ಕೊಳೆಯುತ್ತದೆ.

ಇದರ ಪೂರ್ಣ ರೂಪ 2016ರಲ್ಲಿ ನವಿ ಮುಂಬಯಿಯಲ್ಲಿ ಕಂಡಿತು. ಆ ಊರು ನಡೆಯುವುದು ಇದೇ 1949ರ ಕಾಯ್ದೆಯ ಮೇಲೆ. ಆ ವರ್ಷದ ಮೇ ತಿಂಗಳಲ್ಲಿ ತುಕಾರಾಂ ಮುಂಢೆ ಕಮಿಷನರಾಗಿ ಬಂದರು. ಅಕ್ರಮ ಕಟ್ಟಡಗಳನ್ನು ಕೆಡವಿಸಿದರು, ಅಧಿಕಾರಿಗಳ ಮೇಲೆ ಕ್ರಮ ಕೈಗೊಂಡರು, ಬೆಳಗಿನ ನಡಿಗೆಯಲ್ಲಿ ನೇರವಾಗಿ ನಾಗರಿಕರ ದೂರು ಕೇಳಿದರು. ಮಧ್ಯಮ ವರ್ಗ ಅವರನ್ನು ಮೆಚ್ಚಿಕೊಂಡಿತು. ತಮ್ಮನ್ನು ಅವರು ಲೆಕ್ಕಕ್ಕೇ ಇಟ್ಟಿಲ್ಲವೆಂದು ಚುನಾಯಿತರು ಸಿಟ್ಟಾದರು. ಅಕ್ಟೋಬರ್ ತಿಂಗಳಲ್ಲಿ ಅವರ ವಿರುದ್ಧ ಅವಿಶ್ವಾಸದ ನಿರ್ಣಯ ಬಂತು. 111 ಸದಸ್ಯರ ಸಭೆಯಲ್ಲಿ ನೂರಕ್ಕೂ ಹೆಚ್ಚು ಮಂದಿ ನಿರ್ಣಯದ ಪರ ನಿಂತರು. ಅವರಲ್ಲಿ ರಾಜ್ಯದ ಸರಕಾರದಲ್ಲಿ ಪಾಲುದಾರವಾಗಿದ್ದ ಶಿವಸೇನೆಯವರೂ ಇದ್ದರು. ವಿರೋಧಿಸಿದವರು ಮುಖ್ಯಮಂತ್ರಿಗಳ ಪಕ್ಷದ ಬೆರಳೆಣಿಕೆಯ ಸದಸ್ಯರು ಮಾತ್ರ.

ಒಟ್ಟು ಸದಸ್ಯರ ಎಂಟರಲ್ಲಿ ಐದು ಪಾಲು ಬೇಡವೆಂದರೆ ಕಮಿಷನರರನ್ನು ಸರಕಾರ ಹಿಂದಕ್ಕೆ ಕರೆಸಿಕೊಳ್ಳಬೇಕೆಂಬ ಮಾತು ಆ ಕಾಯ್ದೆಯಲ್ಲಿದೆ. 111ರಲ್ಲಿ ಆ ಪಾಲಿಗೆ 70 ಮತ ಸಾಕು. ಬಂದದ್ದು ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಸರಕಾರ ನಿರ್ಣಯವನ್ನು ಒಪ್ಪಲಿಲ್ಲ. ಕಮಿಷನರು ಕುರ್ಚಿಯಲ್ಲೇ ಉಳಿದರು. ಸಭೆಯ ನಿರ್ಣಯಗಳನ್ನು ತಡೆಹಿಡಿಯುವ ಅಧಿಕಾರವನ್ನೂ ಅದೇ ಕಾಯ್ದೆ ಸರಕಾರಕ್ಕೆ ಕೊಟ್ಟಿದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ದಾರಿ ಅದು. ಮುಂದೆ 2017ರ ಮಾರ್ಚಿಯಲ್ಲಿ, ಅದೇ ಸರಕಾರ ತನಗೆ ಬೇಕೆನಿಸಿದಾಗ ಅದೇ ಮುಂಢೆಯವರನ್ನು ಪುಣೆಯ ಬಸ್ಸು ಸಂಸ್ಥೆಗೆ ವರ್ಗ ಮಾಡಿತು. ನೂರು ಮಂದಿ ಚುನಾಯಿತರು ಕದಲಿಸಲಾರದವರನ್ನು ಒಂದು ವರ್ಗಾವಣೆಯ ಕಾಗದ ಕದಲಿಸಿತು. ಅವರನ್ನು ಮೆಚ್ಚಿದ ನಾಗರಿಕರನ್ನೂ ಯಾರೂ ಕೇಳಲಿಲ್ಲ. ಮುಂಢೆ ಒಳ್ಳೆಯ ಅಧಿಕಾರಿಯೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಒಳ್ಳೆಯವರೆಂದೇ ಇಟ್ಟುಕೊಳ್ಳಿ: ಅವರನ್ನು ಉಳಿಸಿಕೊಳ್ಳಲೂ ಊರಿಗೆ ಹಕ್ಕಿರಲಿಲ್ಲ, ಕಳುಹಿಸಲೂ ಇರಲಿಲ್ಲ.

ಬೇರೆ ದಾರಿ ಇಲ್ಲವೆಂದು ಹೇಳುವವರು ಕಲ್ಕತ್ತೆಯತ್ತ ನೋಡಬೇಕು. ಸುರೇಂದ್ರನಾಥ ಬ್ಯಾನರ್ಜಿಯವರು ಮಂತ್ರಿಯಾಗಿದ್ದಾಗ ತಂದ 1923ರ ಕಾಯ್ದೆ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯನ್ನು ಆರಿಸುವ ಹಕ್ಕನ್ನು ಕಾರ್ಪೊರೇಷನ್ನಿಗೇ ಕೊಟ್ಟಿತು. ಸರಕಾರದ ಒಪ್ಪಿಗೆಯೊಂದು ಬೇಕಿತ್ತು. 1924ರಲ್ಲಿ ಚಿತ್ತರಂಜನ ದಾಸರು ಮೇಯರರಾದರು. ಅವರ ಸಭೆ ಆರಿಸಿದ ಅಧಿಕಾರಿ 27 ವರ್ಷದ ಸುಭಾಷಚಂದ್ರ ಬೋಸ್. ಆ ಹುದ್ದೆಯ ಸಂಬಳ ತಿಂಗಳಿಗೆ 3000 ರೂಪಾಯಿ. ಅವರು ಅರ್ಧ ಮಾತ್ರ ತೆಗೆದುಕೊಂಡರು. ಅಕ್ಟೋಬರಿನಲ್ಲಿ ಬ್ರಿಟಿಷರು ಅವರನ್ನು ಸೆರೆಗೆ ತಳ್ಳಿದರು. ಪರಕೀಯ ಸರಕಾರಕ್ಕೂ ಅವರನ್ನು ವರ್ಗ ಮಾಡಲು ಬರಲಿಲ್ಲ, ಬಂಧಿಸಲು ಮಾತ್ರ ಬಂತು. ಅಧಿಕಾರಿ ಯಾರ ಸೇವಕನೆಂಬುದು ಅವನನ್ನು ನೇಮಿಸಿದ ಕೈಯನ್ನು ನೋಡಿದರೆ ತಿಳಿಯುತ್ತದೆ.

ಸ್ವತಂತ್ರ ಭಾರತದಲ್ಲೂ ಕಲ್ಕತ್ತೆ ಇನ್ನೊಂದು ಹೆಜ್ಜೆ ಇಟ್ಟಿತು. 1980ರ ಕಾಯ್ದೆ 1984ರಲ್ಲಿ ಜಾರಿಗೆ ಬಂದು ಮೇಯರರ ಮಂತ್ರಿಮಂಡಲದಂಥ ಒಂದು ಮಂಡಲಿಯನ್ನು ಸ್ಥಾಪಿಸಿತು. ಸದಸ್ಯರು ಮೇಯರರನ್ನು ಆರಿಸುತ್ತಾರೆ. ಮೇಯರರು ತಮ್ಮ ಮಂಡಲಿಯನ್ನು ಆರಿಸಿ ನೀರು, ರಸ್ತೆ, ಆರೋಗ್ಯಗಳನ್ನು ಒಬ್ಬೊಬ್ಬರಿಗೆ ಹಂಚುತ್ತಾರೆ. ಕಾರ್ಯಾಂಗದ ಅಧಿಕಾರ ಆ ಮಂಡಲಿಯದು. ಅಲ್ಲಿಯೂ ಕಮಿಷನರು ಇದ್ದಾರೆ. ಆದರೆ ಮೇಯರರ ಮೇಲ್ವಿಚಾರಣೆಯಲ್ಲಿ. ಇದರಿಂದ ಪ್ರಾಮಾಣಿಕತೆ ತಾನಾಗಿ ಹುಟ್ಟುವುದಿಲ್ಲ. ಸದಸ್ಯರ ಬಹುಮತವಿರುವ ಪಕ್ಷ ಮಂಡಲಿಯನ್ನು ಮುಷ್ಟಿಯಲ್ಲಿಟ್ಟುಕೊಳ್ಳುವ ಅಪಾಯವೂ ಉಂಟು. ಆದರೆ ನೀರು ಬಾರದಿದ್ದರೆ ಯಾರ ಅಂಗಿ ಹಿಡಿಯಬೇಕೆಂಬುದು ಪೌರನಿಗೆ ಗೊತ್ತಿರುತ್ತದೆ.

ಮೇಯರರನ್ನು ಜನರೇ ನೇರವಾಗಿ ಆರಿಸಿದರೆ ಎಲ್ಲ ಸರಿಹೋಗುತ್ತದೆಂಬ ಮಾತನ್ನೂ ಪರೀಕ್ಷಿಸಬೇಕು. ಉತ್ತರ ಪ್ರದೇಶದಲ್ಲಿ ಮೇಯರರನ್ನು ಆರಿಸುವವರು ಜನರೇ. ಆದರೆ ಅಲ್ಲಿಯ ಕಾಯ್ದೆ ಕಾರ್ಯಾಂಗದ ಅಧಿಕಾರವನ್ನು ಇಟ್ಟಿರುವುದು ನಗರ ಆಯುಕ್ತರಲ್ಲಿ. ಲಕ್ಷಾಂತರ ಮತ ಪಡೆದವರೂ ಅಲ್ಲಿ ಕಡತಕ್ಕಾಗಿ ಕಾಯಬೇಕು. ಚುನಾವಣೆಯ ರೀತಿ ಬದಲಾದರೆ ಸಾಲದು. ಲೇಖನಿ ಕೈ ಬದಲಾಯಿಸಬೇಕು.

ನಮ್ಮ ರಾಜ್ಯಕ್ಕೆ ಬರೋಣ. 1976ರ ಕಾಯ್ದೆ ಮೇಯರರಿಗೆ ಕೊಟ್ಟದ್ದು ಒಂದೇ ವರ್ಷದ ಅವಧಿ. ಮೀಸಲಾತಿಯ ಸರದಿಯಲ್ಲಿ ದಲಿತರು, ಹಿಂದುಳಿದವರು, ಮಹಿಳೆಯರು ಆ ಕುರ್ಚಿಗೆ ಬಂದರು. ಅದು ಹೆಮ್ಮೆಯ ಸಂಗತಿ. ಆದರೆ ಕಡತಗಳ ಪರಿಚಯವಾಗುವಷ್ಟರಲ್ಲಿ ಅವಧಿ ಮುಗಿಯುವಂತೆ ಮಾಡಿ, ಕೈಗೆ ಅಧಿಕಾರವನ್ನೂ ಕೊಡದೆ, ಶೋಷಿತರಿಗೆ ಅಧಿಕಾರ ಕೊಟ್ಟೆವೆಂದು ಹೇಳಿಕೊಳ್ಳುವುದು ಮೋಸ. ಇನ್ನು ಬೆಂಗಳೂರಿನ ಮಾತು. ಅಲ್ಲಿಯ ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಐದು ವರ್ಷ ಸಭೆಯಿಲ್ಲದೆ, ಮೇಯರರಿಲ್ಲದೆ, ಆಡಳಿತಾಧಿಕಾರಿ ಮತ್ತು ಕಮಿಷನರರಿಂದ ರಾಜ್ಯದ ಅತಿ ದೊಡ್ಡ ನಗರ ನಡೆಯಿತು. ಚುನಾಯಿತರಿಲ್ಲದೆ ಐದು ವರ್ಷ ನಡೆಯಬಲ್ಲ ವ್ಯವಸ್ಥೆಯಲ್ಲಿ ಚುನಾಯಿತರ ಸ್ಥಾನವೇನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 1992ರ ಸಂವಿಧಾನ ತಿದ್ದುಪಡಿ ಚುನಾಯಿತ ನಗರಸಭೆಗಳನ್ನು ಕಡ್ಡಾಯ ಮಾಡಿತು. ಆದರೆ ಅಧಿಕಾರ ಹಂಚುವ ಕೆಲಸವನ್ನು ರಾಜ್ಯಗಳ ವಿವೇಕಕ್ಕೆ ಬಿಟ್ಟಿತು. ಆ ವಿವೇಕ ಇನ್ನೂ ಬಂದಿಲ್ಲ.

ನಮ್ಮ ಬೇಡಿಕೆ ಅಧಿಕಾರಿಯನ್ನು ಓಡಿಸಬೇಕೆಂಬುದಲ್ಲ. ಮೇಯರರ ಅವಧಿ ಸಭೆಯ ಅವಧಿಯಷ್ಟೇ ಇರಲಿ. ಕಾರ್ಯಾಂಗದ ಅಧಿಕಾರ ಮೇಯರರು ಮತ್ತು ಅವರ ಮಂಡಲಿಯಲ್ಲಿರಲಿ. ಕಮಿಷನರು ಅದನ್ನು ನಡೆಸಿಕೊಡಲಿ. ಮೇಯರರ ಆಜ್ಞೆ ಬಾಯಿಮಾತಿನಲ್ಲಿರದೆ ಬರಹದಲ್ಲಿರಲಿ. ಅದು ಕಾನೂನಿಗೆ ವಿರುದ್ಧವೆಂದು ಕಂಡರೆ ಕಮಿಷನರು ಕಾರಣ ಬರೆದು ಹಿಂದಿರುಗಿಸಲಿ, ಆ ಕಾಗದ ಸಭೆಯ ಮುಂದೆ ಬರಲಿ. ಒಬ್ಬೊಬ್ಬನ ಮನೆಗಂದಾಯದ ನಿರ್ಧಾರ, ಕಟ್ಟಡದ ಪರವಾನಗಿ, ಸಿಬ್ಬಂದಿಯ ಶಿಸ್ತುಕ್ರಮ ಇವು ಪಕ್ಷದ ಕೈಗೆ ಸಿಗದಂತೆ ನಿಯಮಕ್ಕೆ ಬದ್ಧನಾದ ಅಧಿಕಾರಿಯ ಬಳಿಯೇ ಉಳಿಯಲಿ. ಕಮಿಷನರಿಗೆ ನಿಗದಿತ ಅವಧಿ ಇರಲಿ. ಅದಕ್ಕೆ ಮೊದಲು ಅವರನ್ನು ತೆಗೆಯಬೇಕಾದರೆ ಸಭೆಯ ವಿಶೇಷ ಬಹುಮತ ಬೇಕು, ಆ ಬಹುಮತ ಬಂದ ಮೇಲೆ ಸರಕಾರ ಅಡ್ಡ ಬರಕೂಡದು.

ಕಳ್ಳರ ಕೈಗೆ ಲೇಖನಿ ಕೊಡುತ್ತೀರಾ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟು. ಇಂದು ಕದಿಯುವವನು ಸಹಿ ಹಾಕುವುದಿಲ್ಲ; ಸಮಿತಿಯ ಬಾಗಿಲಲ್ಲಿ ಫೈಲನ್ನು ತಡೆದು ನಿಲ್ಲಿಸುತ್ತಾನೆ, ಅಷ್ಟೆ. ನಾಳೆ ಅವನೇ ಸಹಿ ಹಾಕಬೇಕಾಗಿ ಬಂದರೆ ಆ ಸಹಿ ಕಾಗದದ ಮೇಲೆ ಉಳಿಯುತ್ತದೆ. ಐದು ವರ್ಷದ ಕೊನೆಯಲ್ಲಿ ಮತದಾರ ಅದನ್ನು ಓದಬಲ್ಲ.